ಸಮಸ್ಯೆ ಬರೆಯುವ ಮೊದಲು ವಾಲ್ವ್ ಗುಂಡಿಯ ಬಳಿ ನಿಲ್ಲಿ

ಕಚೇರಿಯ ಒಳಬಳಕೆಗೆಂದು ತಂತ್ರಾಂಶದ ಪ್ರಸ್ತಾವ ಬರೆಯುತ್ತಿರುವ ಮೈಸೂರಿನ ಕಿರಿಯ ಎಂಜಿನಿಯರುಗಳಿಗೆ, ಅವರ ಜೊತೆ ಕೂತು ಪ್ರಾಜೆಕ್ಟ್ ಮಾಡುವ ಅಂತಿಮ ವರ್ಷದ ವಿದ್ಯಾರ್ಥಿಗಳಿಗೆ ಒಂದು ಬಹಿರಂಗ ಪತ್ರ

ಪ್ರಿಯ ಗೆಳೆಯರೇ,

ನೀವು ಬರೆಯುವ ಪ್ರಸ್ತಾವಗಳಲ್ಲಿ ತಂತ್ರಜ್ಞಾನದ ಭಾಗ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ. ಯಾವ ಡೇಟಾಬೇಸ್, ಸರ್ವರ್ ಎಲ್ಲಿ, ಪರದೆ ಹೇಗೆ ಕಾಣಬೇಕು ಎಂಬುದನ್ನೆಲ್ಲ ನೀವು ಕಲಿತಿದ್ದೀರಿ, ಕಲಿತದ್ದು ಕಾಣುತ್ತದೆ. ಸೋಲು ಇರುವುದು ಅದಕ್ಕಿಂತ ಮುಂಚಿನ ಎರಡು ಪುಟಗಳಲ್ಲಿ. ಒಂದು, ಸಮಸ್ಯೆಯ ವಿವರಣೆ. ಇನ್ನೊಂದು, ಕೆಲಸದ ವ್ಯಾಪ್ತಿ. ಇವೆರಡನ್ನೂ ಕೊನೆಯ ರಾತ್ರಿ, ಉಳಿದದ್ದೆಲ್ಲ ಮುಗಿದ ಮೇಲೆ ಬರೆದಿರುತ್ತೀರಿ ಎಂಬುದು ಓದುವವರಿಗೆ ಮೊದಲ ಸಾಲಿನಲ್ಲೇ ಗೊತ್ತಾಗುತ್ತದೆ. ಈ ಪತ್ರ ಆ ಎರಡು ಪುಟಗಳ ಬಗ್ಗೆ ಮಾತ್ರ.

ಮಾತು ಗಾಳಿಯಲ್ಲಿ ತೇಲದಿರಲಿ ಎಂದು ಒಂದು ಉದಾಹರಣೆ ಹಿಡಿದುಕೊಳ್ಳುತ್ತೇನೆ: ನೀರು ಬಿಡುವ ಕೆಲಸ. ಮೈಸೂರಿಗೆ ನೀರು ಬರುವುದು ಹೊಂಗಳ್ಳಿ, ಬೆಳಗೊಳ, ಮೇಳಾಪುರಗಳಲ್ಲಿ ಕಾವೇರಿಯಿಂದ ಮತ್ತು ಬಿದರಗೂಡಿನಲ್ಲಿ ಕಬಿನಿಯಿಂದ. ಪಂಪುಗಳು ಅದನ್ನು ಎತ್ತರದ ಜಲಾಗಾರಗಳಿಗೆ ಏರಿಸುತ್ತವೆ, ಅಲ್ಲಿಂದ ಅದು ಇಳಿಜಾರಿನಲ್ಲಿ ಬಡಾವಣೆಗಳಿಗೆ ಹರಿಯುತ್ತದೆ. ಇಡೀ ಊರಿಗೆ ಒಂದೇ ಹೊತ್ತಿನಲ್ಲಿ ಬಿಡಲಾಗದ ಕಡೆ, ಯಾವ ಬೀದಿಗೆ ಯಾವಾಗ ಎಂಬುದನ್ನು ವಾಲ್ವ್‌ಮನ್ ನಿರ್ಧರಿಸುತ್ತಾನೆ. ರಸ್ತೆಯ ಗುಂಡಿಯೊಳಗಿನ ವಾಲ್ವನ್ನು ಉದ್ದನೆಯ ಕಬ್ಬಿಣದ ಕೀಲಿಯಿಂದ ತಿರುಗಿಸಿ ಅವನು ನೀರು ಹಂಚುತ್ತಾನೆ. ಮುಂದೆ ನಾನು ಹೇಳುವ ಬಡಾವಣೆ, ಅಲ್ಲಿನ ಅಂಕಿಗಳು ಲೆಕ್ಕ ತೋರಿಸಲು ನಾನೇ ಕಟ್ಟಿಕೊಂಡವು. ಯಾವ ವಾರ್ಡಿನದೂ ಅಲ್ಲ. ಆದರೆ ಅದಕ್ಕೆ ಮುಂಚೆ ನಡೆದುಹೋದ ಒಂದು ಪ್ರಸಂಗವನ್ನು ನೀವು ತಿಳಿಯಬೇಕು.

ಹುಬ್ಬಳ್ಳಿ–ಧಾರವಾಡದಲ್ಲಿ ಹಲವು ದಿನಗಳಿಗೊಮ್ಮೆ ನೀರು ಬರುತ್ತಿದ್ದ ಕಾಲ. ಯಾವ ಹೊತ್ತಿಗೆ ಬರುತ್ತದೆಂದು ತಿಳಿಯದೆ ಹೆಂಗಸರು ಕೆಲಸ ಬಿಟ್ಟು ಮನೆಯಲ್ಲೇ ಕಾಯುತ್ತಿದ್ದರು. 2011ರ ಹೊತ್ತಿಗೆ ನೆಕ್ಸ್ಟ್‌ಡ್ರಾಪ್ ಎಂಬ ಸಂಸ್ಥೆ ಅಲ್ಲಿ ಒಂದು ಸರಳ ಉಪಾಯದೊಂದಿಗೆ ಬಂತು. ವಾಲ್ವ್ ತೆರೆಯುವಾಗ ವಾಲ್ವ್‌ಮನ್ ಒಂದು ಸಂಖ್ಯೆಗೆ ಫೋನ್ ಮಾಡಿ ತಿಳಿಸುವುದು, ಆ ಬೀದಿಯ ಮನೆಗಳಿಗೆ ಎಸ್ಸೆಮ್ಮೆಸ್ ಹೋಗುವುದು. ದುಬಾರಿ ಮೀಟರಿಲ್ಲ, ಸೆನ್ಸರಿಲ್ಲ. ಎಲ್ಲರ ಕೈಯಲ್ಲೂ ಆಗಲೇ ಇದ್ದ ಮೊಬೈಲೇ ಸಾಕು. ಮುಂದೆ ಇದೇ ಸೇವೆ ಬೆಂಗಳೂರಿಗೂ ಬಂತು. ಅಲ್ಲಿ ತನು ಕುಮಾರ್, ಆಲಿಸನ್ ಪೋಸ್ಟ್, ಇಶಾ ರೇ ಎಂಬ ಸಂಶೋಧಕರು ಅದನ್ನು ಕ್ಷೇತ್ರ ಪ್ರಯೋಗ ಮಾಡಿ ಅಳೆದರು. ಅವರ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಕಂಡದ್ದು ನಿರಾಶೆಯ ಸಂಗತಿ: ಜನರ ಕಾಯುವಿಕೆಯ ಮೇಲೆ ಸೇವೆಯ ಪರಿಣಾಮ ತೀರ ಕಡಿಮೆ. ಮುಖ್ಯ ಕಾರಣ, ವಾಲ್ವ್‌ಮನ್‌ಗಳು ನಿಯಮಿತವಾಗಿ ವರದಿ ಮಾಡುತ್ತಿರಲಿಲ್ಲ. ವರದಿ ಇಲ್ಲದ ಮೇಲೆ ಸಂದೇಶವೂ ಇಲ್ಲ. ಸಂದೇಶ ಹೋದಾಗಲೂ ಅದು ತಲುಪುತ್ತಿದ್ದ ಫೋನು ನೀರಿಗಾಗಿ ಕಾಯುತ್ತಿದ್ದವರ ಕೈಯಲ್ಲೇ ಇರುತ್ತದೆಂಬ ಖಾತ್ರಿ ಇರಲಿಲ್ಲ.

ಈ ಕಥೆಯಲ್ಲಿ ವಾಲ್ವ್‌ಮನ್‌ಗಳನ್ನು ಬೈಯುವುದು ಅನ್ಯಾಯ. ಕಡಿಮೆ ಸಂಬಳದವರು, ಸಂಸಾರದ ಭಾರ ಹೊತ್ತವರು, ಒಂದು ಸುತ್ತಿಗೆ ಹತ್ತಾರು ವಾಲ್ವ್ ತಿರುಗಿಸುವವರು. ಪ್ರತಿ ವಾಲ್ವಿಗೂ ಒಂದು ಫೋನು ಎಂದರೆ ಅವರ ಕೆಲಸ ಹೆಚ್ಚಿತು. ಬಂದ ಲಾಭ ಮಾತ್ರ ಬೇರೆಯವರದು. ಸಮಸ್ಯೆಯನ್ನು ‘ನೀರು ಯಾವಾಗ ಬರುತ್ತದೆಂದು ಜನರಿಗೆ ತಿಳಿಯುವುದಿಲ್ಲ’ ಎಂದು ಬರೆದರೆ ಅದು ಸತ್ಯವೇ. ಆದರೆ ಆ ವಾಕ್ಯದಲ್ಲಿ ಮಾಹಿತಿ ಹುಟ್ಟಿಸಬೇಕಾದ ಮನುಷ್ಯ ಇಲ್ಲ. ಸಮಸ್ಯೆಯ ಪುಟದಲ್ಲಿ ಇಲ್ಲದವನು ವ್ಯಾಪ್ತಿಯ ಪುಟದಲ್ಲಿ ಹೇಗೆ ತಾನೇ ಬಂದಾನು? ನಾನು ನಿಮಗೆ ಹೇಳಬೇಕೆಂದಿರುವುದು ಮುಖ್ಯವಾಗಿ ಇದನ್ನೇ. ಒಳಬಳಕೆಯ ತಂತ್ರಾಂಶದಲ್ಲಿ ಮಾಹಿತಿ ತುಂಬುವವನು ಯಾರು, ಅದರಿಂದ ಅವನ ಕೆಲಸ ಹಗುರಾಗುತ್ತದೋ ಭಾರವಾಗುತ್ತದೋ ಎಂಬುದನ್ನು ಮೊದಲೆರಡು ಪುಟಗಳಲ್ಲೇ ಬರೆಯಿರಿ.

ಈಗ ನಮ್ಮ ಬಡಾವಣೆಗೆ ಬರೋಣ. ಒಂದು ಜಲಾಗಾರ, ಅದರ ಕೆಳಗೆ ಅರವತ್ತು ವಾಲ್ವ್, ನಾಲ್ವರು ವಾಲ್ವ್‌ಮನ್‌ಗಳು, ಮೇಲೆ ಒಬ್ಬ ಜೆ.ಇ. ಎಂದಿಟ್ಟುಕೊಳ್ಳಿ. ವಿದ್ಯಾರ್ಥಿಗಳು ಬಂದು ಜೆ.ಇ. ಜೊತೆ ಅರ್ಧ ಗಂಟೆ ಮಾತಾಡಿ ಹೀಗೆ ಬರೆಯುತ್ತಾರೆ: ‘ನೀರು ಬಿಡುವ ವೇಳಾಪಟ್ಟಿ ಕಾಗದದಲ್ಲಿದೆ. ಕೇಂದ್ರೀಕೃತ ಡಿಜಿಟಲ್ ವ್ಯವಸ್ಥೆ ಇಲ್ಲ. ಇದರಿಂದ ದೂರುಗಳು ಹೆಚ್ಚುತ್ತಿವೆ.’ ಈ ಮೂರು ವಾಕ್ಯಗಳನ್ನು ಸ್ವಲ್ಪ ನೋಡಿ. ಎರಡನೆಯದು ಸಮಸ್ಯೆಯೇ ಅಲ್ಲ, ನೀವು ಮಾಡಹೊರಟ ಪರಿಹಾರಕ್ಕೆ ‘ಇಲ್ಲ’ ಎಂದು ಬಾಲ ಹಚ್ಚಿದ್ದು. ‘ಆ್ಯಪ್ ಇಲ್ಲ’ ಎಂಬುದು ಸಮಸ್ಯೆಯಾದರೆ ಆ್ಯಪ್ ಮಾಡಿದ ದಿನವೇ ಸಮಸ್ಯೆ ತೀರಿತು, ನೀರು ಬಂದರೂ ಸರಿ, ಬಾರದಿದ್ದರೂ ಸರಿ. ಮೂರನೆಯದರಲ್ಲಿ ‘ಇದರಿಂದ’ ಎಂಬ ಮಾತಿಗೆ ಆಧಾರವೇ ಇಲ್ಲ. ಕಾಗದದಲ್ಲಿರುವ ವೇಳಾಪಟ್ಟಿಯಿಂದಲೇ ದೂರು ಬಂದದ್ದೆಂದು ಯಾರು ನೋಡಿದರು?

ನೋಡುವ ದಾರಿ ಇದೆ. ಕಚೇರಿಯಲ್ಲಿ ದೂರಿನ ವಹಿ ಇರುತ್ತದೆ, ಜಲಾಗಾರದಲ್ಲಿ ನೀರಿನ ಮಟ್ಟ ಬರೆದಿಡುವ ವಹಿ ಇರುತ್ತದೆ, ಹಾಜರಿ ಪುಸ್ತಕ ಇರುತ್ತದೆ. ಮೂರನ್ನೂ ಪಕ್ಕಪಕ್ಕದಲ್ಲಿಟ್ಟುಕೊಂಡು ತೊಂಬತ್ತು ದಿನಗಳ ‘ನೀರು ಬಂದಿಲ್ಲ’ ದೂರುಗಳನ್ನು ಒಂದೊಂದಾಗಿ ವಿಂಗಡಿಸಿ. ಹಗುರವಾದ ಕೆಲಸವಲ್ಲ, ಎರಡು ಮೂರು ದಿನ ಹಿಡಿಯುತ್ತದೆ. ಆದರೆ ಪ್ರಸ್ತಾವದ ಜೀವವೇ ಇಲ್ಲಿದೆ.

ನೀರು ಬಾರದಿರಲು ಕಾರಣ ಬೇರೆಬೇರೆ, ಒಂದೊಂದರ ಗುರುತೂ ಬೇರೆ. ಕರೆಂಟ್ ಹೋಗಿ ಪಂಪು ನಿಂತಿದ್ದರೆ ಜಲಾಗಾರವೇ ತುಂಬಿರುವುದಿಲ್ಲ; ಆಗ ದೂರು ಬಡಾವಣೆಯ ಎಲ್ಲ ಕಡೆಯಿಂದ ಬರುತ್ತದೆ, ಮಟ್ಟದ ವಹಿಯಲ್ಲೂ ಕಾಣುತ್ತದೆ. ಒಂದೇ ಬೀದಿಯ ನಾಲ್ಕು ಮನೆ ಮಾತ್ರ ಒಣಗಿದ್ದರೆ ಪೈಪು ಒಡೆದಿರಬೇಕು ಇಲ್ಲವೇ ಕಟ್ಟಿರಬೇಕು. ಜಲಾಗಾರ ತುಂಬಿದೆ, ತಗ್ಗಿನ ಬೀದಿಗಳ ಸಂಪುಗಳು ತುಂಬಿ ಹರಿಯುತ್ತಿವೆ, ಏರಿನ ಬೀದಿಗಳಿಗೆ ಮಾತ್ರ ಹನಿಯಿಲ್ಲ ಎಂದರೆ ವಾಲ್ವುಗಳನ್ನು ನೋಡಬೇಕು. ನೀರಿನ ಒತ್ತಡ ಎತ್ತರದ ಲೆಕ್ಕ. ಹತ್ತು ಮೀಟರ್ ಏರಿದರೆ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ ಒತ್ತಡ ಇಳಿಯುತ್ತದೆ. ತಗ್ಗಿನ ಬೀದಿಯ ವಾಲ್ವನ್ನು ಬೇಕಾದಷ್ಟು ಬಿಗಿಮಾಡದೆ ಬಿಟ್ಟರೆ ನೀರೆಲ್ಲ ಅತ್ತಲೇ ಸುರಿದು ಏರಿನ ಮನೆಗಳ ನಲ್ಲಿಯಲ್ಲಿ ಬರೀ ಗಾಳಿ ಬರುತ್ತದೆ. ಜಲಾಗಾರದ ಮಟ್ಟ ಕಡಿಮೆಯಿದ್ದಾಗಲೂ ಏರಿನ ಬೀದಿಗಳೇ ಮೊದಲು ಒಣಗುತ್ತವೆ. ಆದ್ದರಿಂದ ಮಟ್ಟದ ವಹಿ ನೋಡದೆ ವಾಲ್ವಿನ ಮೇಲೆ ತಪ್ಪು ಹೊರಿಸಬೇಡಿ.

ನಮ್ಮ ಕಲ್ಪಿತ ಬಡಾವಣೆಯಲ್ಲಿ 120 ದೂರು ಸಿಕ್ಕವು ಎಂದುಕೊಳ್ಳಿ. ಅವುಗಳಲ್ಲಿ 66 ಜಲಾಗಾರ ತುಂಬದ ದಿನಗಳವು. 24 ಪೈಪಿನವು. ಉಳಿದ 30 ವಾಲ್ವಿಗೆ ಸಂಬಂಧಿಸಿದವು. ಇಲ್ಲಿಗೆ ನಿಲ್ಲಿಸಿದರೆ ‘ಕಾಲುಭಾಗ ದೂರು ವಾಲ್ವಿನದು’ ಎಂದಷ್ಟೇ ಆಯಿತು. ಹಾಜರಿ ಪುಸ್ತಕ ತೆಗೆದು ನೋಡಿ. ತೊಂಬತ್ತು ದಿನಗಳಲ್ಲಿ ಹದಿನಾಲ್ಕು ದಿನ ಯಾರಾದರೊಬ್ಬ ವಾಲ್ವ್‌ಮನ್ ರಜೆಯಲ್ಲಿದ್ದು ಬದಲಿಯವರು ನೀರು ಬಿಟ್ಟಿದ್ದಾರೆ. ಆ ಹದಿನಾಲ್ಕು ದಿನಗಳಲ್ಲಿ 21 ದೂರು. ಉಳಿದ 76 ದಿನಗಳಲ್ಲಿ 9. ದಿನಕ್ಕೆ ಒಂದೂವರೆ ಒಂದು ಕಡೆ, ಎಂಟು ದಿನಕ್ಕೊಂದು ಇನ್ನೊಂದು ಕಡೆ. ಹನ್ನೆರಡು ಪಟ್ಟಿಗೂ ಮೀರಿದ ವ್ಯತ್ಯಾಸ. ನಿಮ್ಮ ಸಮಸ್ಯೆ ಇಲ್ಲಿ ಸಿಕ್ಕಿತು. ವೇಳಾಪಟ್ಟಿ ಕಾಗದದಲ್ಲಿದೆಯೋ ಕಂಪ್ಯೂಟರಿನಲ್ಲಿದೆಯೋ ಎಂಬುದು ಪ್ರಶ್ನೆಯೇ ಅಲ್ಲ. ಬೀದಿಗೆ ನೀರು ಹಂಚುವ ತಿಳಿವಳಿಕೆ ಒಬ್ಬನ ಕೈಯಲ್ಲಿದೆ, ಅವನು ಇಲ್ಲದ ದಿನ ಅದೂ ಇರುವುದಿಲ್ಲ.

ಆ ತಿಳಿವಳಿಕೆ ಏನೆಂದು ಒಂದು ಬೆಳಗಿನ ಜಾವ ಅವರ ಜೊತೆ ಸುತ್ತಿದರೆ ಅರ್ಥವಾಗುತ್ತದೆ. ಆರು ಇಂಚಿನ ವಾಲ್ವ್ ಪೂರ್ತಿ ಮುಚ್ಚಿದ ಸ್ಥಿತಿಯಿಂದ ಪೂರ್ತಿ ತೆರೆಯಲು ಸುಮಾರು ಇಪ್ಪತ್ತು ಸುತ್ತು ಬೇಕು. ಹತ್ತು ಸುತ್ತು ತೆರೆದರೆ ಅರ್ಧ ನೀರು ಬರುತ್ತದೆಂದು ನೀವು ನಾನು ತಿಳಿಯುತ್ತೇವೆ, ಬರುವುದು ಹಾಗಲ್ಲ. ಪೂರ್ತಿ ತೆರೆದ ವಾಲ್ವನ್ನು ಅರ್ಧಕ್ಕೆ ಮುಚ್ಚಿದರೂ ಹರಿವು ಹೆಚ್ಚೇನೂ ಇಳಿಯುವುದಿಲ್ಲ, ಇಳಿತವೆಲ್ಲ ಮುಚ್ಚುವ ಕಡೆಯ ಕೆಲವು ಸುತ್ತುಗಳಲ್ಲೇ. ಹಾಗಾಗಿ ‘ಮೂರು ಸುತ್ತು’ ಮತ್ತು ‘ಐದು ಸುತ್ತು’ಗಳ ನಡುವೆ ಒಂದು ಬೀದಿಯ ಪಾಡು ಬದಲಾಗುತ್ತದೆ. ಕೆಲವು ಹಳೆಯ ವಾಲ್ವುಗಳು ಎಡಕ್ಕೆ ತಿರುಗಿಸಿದರೆ ಮುಚ್ಚುತ್ತವೆ. ಗೊತ್ತಿಲ್ಲದವರು ತೆರೆಯಲು ಹೋಗಿ ಇನ್ನಷ್ಟು ಬಿಗಿಮಾಡುತ್ತಾರೆ. ಅವಸರದಲ್ಲಿ ಥಟ್ಟನೆ ಮುಚ್ಚಿದರೆ ಹರಿಯುತ್ತಿದ್ದ ನೀರು ಗುದ್ದಿ ಹಳೆಯ ಜೋಡಣೆ ಬಿಡುತ್ತದೆ, ಮರುದಿನ ಅದು ‘ಪೈಪಿನ ದೂರು’ ಎಂದು ವಹಿಯಲ್ಲಿ ಸೇರುತ್ತದೆ. ಡಾಂಬರು ಹಾಕಿದ ಮೇಲೆ ಗುಂಡಿಯ ಮುಚ್ಚಳವೇ ಕಾಣದಂತಾಗುವುದೂ ಉಂಟು. ಎಲ್ಲಿ ಅಗೆಯಬೇಕೆಂದು ಗೊತ್ತಿರುವವನು ಅವನೊಬ್ಬನೇ.

ಇದನ್ನೆಲ್ಲ ನೋಡಿದ ಮೇಲೆ ಸಮಸ್ಯೆಯ ಪುಟವನ್ನು ನಾನಾದರೆ ಹೀಗೆ ಬರೆಯುವೆ:

‘ಈ ವಿಭಾಗದಲ್ಲಿ ಖಾಯಂ ವಾಲ್ವ್‌ಮನ್ ರಜೆಯಲ್ಲಿರುವ ದಿನ ಬದಲಿಯವರಿಗೆ ಯಾವ ವಾಲ್ವ್ ಎಲ್ಲಿದೆ, ಯಾವ ದಿಕ್ಕಿಗೆ ಎಷ್ಟು ಸುತ್ತು, ಯಾವುದರ ನಂತರ ಯಾವುದು ಎಂಬುದು ತಿಳಿದಿರುವುದಿಲ್ಲ. ಪರಿಣಾಮವಾಗಿ ಏರಿನ ಬೀದಿಗಳಿಗೆ ನೀರು ತಲುಪುವುದಿಲ್ಲ. ತೊಂಬತ್ತು ದಿನಗಳ ವಹಿಗಳ ಪ್ರಕಾರ ಬದಲಿ ದಿನಗಳಲ್ಲಿ ವಾಲ್ವ್ ಸಂಬಂಧಿ ದೂರು ದಿನಕ್ಕೆ 1.5, ಉಳಿದ ದಿನಗಳಲ್ಲಿ ಸುಮಾರು 0.12. ಒಟ್ಟು 120 ದೂರುಗಳಲ್ಲಿ ಈ ಕಾರಣದವು 21. ಜಲಾಗಾರ ತುಂಬದಿರುವುದು, ಪೈಪು ಒಡೆಯುವುದು ಇದಕ್ಕಿಂತ ದೊಡ್ಡ ಕಾರಣಗಳು. ಈ ಪ್ರಸ್ತಾವ ಅವುಗಳನ್ನು ಪರಿಹರಿಸುವುದಿಲ್ಲ. ಬದಲಿಯವರು ರಜೆಯಲ್ಲಿರುವ ವಾಲ್ವ್‌ಮನ್‌ಗೆ ಮತ್ತೆ ಮತ್ತೆ ಫೋನ್ ಮಾಡಿ ಕೇಳಿಕೊಂಡು ಈಗ ಕೆಲಸ ಸಾಗಿಸುತ್ತಿದ್ದಾರೆ.’

ಇದರಲ್ಲಿ ತಂತ್ರಾಂಶ ಎಂಬ ಮಾತೇ ಬಂದಿಲ್ಲ ಎಂಬುದನ್ನು ಗಮನಿಸಿ. ‘120ರಲ್ಲಿ 21 ಮಾತ್ರ’ ಎಂದು ಬರೆದರೆ ಪ್ರಸ್ತಾವ ಸಣ್ಣದಾಗಿ ಕಾಣುತ್ತದೆಂದು ನಿಮಗೆ ಅಳುಕಾಗಬಹುದು. ಅದನ್ನು ಮುಚ್ಚಿಟ್ಟರೆ ಆಗುವುದು ಇನ್ನೂ ಕೆಟ್ಟದ್ದು. ತಂತ್ರಾಂಶ ಬಂದ ಮೇಲೂ ಬೇಸಿಗೆಯಲ್ಲಿ ಕರೆಂಟ್ ಕೈಕೊಟ್ಟು ನೂರು ದೂರು ಬರುತ್ತವೆ, ಆಗ ಮೇಲಿನವರು ‘ಇಷ್ಟು ಖರ್ಚು ಮಾಡಿದ್ದಕ್ಕೆ ಏನಾಯಿತು’ ಎಂದು ಕೇಳುತ್ತಾರೆ. ನಿಮ್ಮ ಕೆಲಸ ಸರಿಯಾಗಿದ್ದರೂ ಅದು ಸೋತಂತೆಯೇ ಲೆಕ್ಕ. ಕೊನೆಯ ವಾಕ್ಯವನ್ನೂ ಬಿಡಬೇಡಿ. ಈಗ ಕೆಲಸ ಹೇಗೆ ಸಾಗುತ್ತಿದೆ ಎಂಬುದು ಸಮಸ್ಯೆಯ ಭಾಗ. ನಿಮ್ಮ ಸಾಧನ ಸ್ಪರ್ಧಿಸಬೇಕಾದದ್ದು ಆ ಫೋನ್ ಕರೆಯ ಜೊತೆ. ಅದಕ್ಕಿಂತ ಸುಲಭವಾಗಿರದಿದ್ದರೆ ಯಾರೂ ಅದನ್ನು ಮುಟ್ಟುವುದಿಲ್ಲ.

ಇನ್ನು ವ್ಯಾಪ್ತಿ. ಒಳಗೆ ಏನಿದೆ ಎಂದು ಬರೆಯುವುದು ಸುಲಭ, ಈ ಉದಾಹರಣೆಯಲ್ಲಿ ಅದು ಒಂದು ಚಿಕ್ಕ ಪಟ್ಟಿ. ಪ್ರತಿ ವಾಲ್ವಿಗೆ ಒಂದು ಸಂಖ್ಯೆ, ಅಳತೆ, ಮುಚ್ಚುವ ದಿಕ್ಕು, ಸಾಮಾನ್ಯ ದಿನಕ್ಕೆ ಎಷ್ಟು ಸುತ್ತು, ಯಾವ ವಾಲ್ವಿನ ನಂತರ, ಎಷ್ಟು ಹೊತ್ತು. ಜಾಗಕ್ಕೆ ಮೊಬೈಲಿನ ಜಿಪಿಎಸ್ ಒಂದನ್ನೇ ನಂಬಬೇಡಿ. ಅದು ಐದಾರು ಮೀಟರ್ ಆಚೀಚೆ ತೋರಿಸಬಹುದು, ಅಷ್ಟರೊಳಗೆ ಇನ್ನೊಂದು ವಾಲ್ವೇ ಇರಬಹುದು. ಹತ್ತಿರದ ಎರಡು ಸ್ಥಿರ ಗುರುತುಗಳಿಂದ, ಅಂದರೆ ಕಾಂಪೌಂಡಿನ ಮೂಲೆಯಿಂದ ಇಷ್ಟು, ಲೈಟ್ ಕಂಬದಿಂದ ಇಷ್ಟು ಎಂದು ಟೇಪಿನಲ್ಲಿ ಅಳೆದು ಬರೆದರೆ ಡಾಂಬರಿನ ಕೆಳಗಿನ ಮುಚ್ಚಳವೂ ಸಿಗುತ್ತದೆ. ಬದಲಿಯವರ ಫೋನಿನಲ್ಲಿ ಆ ದಿನದ ಸುತ್ತಿನ ಪಟ್ಟಿ ತೆರೆಯಬೇಕು, ನೆಟ್‌ವರ್ಕ್ ಇಲ್ಲದಿದ್ದರೂ ತೆರೆಯಬೇಕು, ಕನ್ನಡದಲ್ಲಿರಬೇಕು. ವ್ಯಾಪ್ತಿಯ ಒಳಗೆ ಇಷ್ಟೇ.

ಇದಕ್ಕೆ ಮಾಹಿತಿ ಎಲ್ಲಿಂದ ಬರಬೇಕು? ನೆಕ್ಸ್ಟ್‌ಡ್ರಾಪ್ ಪ್ರಸಂಗದ ಪಾಠ ಬೇಕಾಗುವುದು ಇಲ್ಲೇ. ಅಲ್ಲಿ ಪ್ರತಿ ವಾಲ್ವಿಗೆ, ಪ್ರತಿ ಸಲವೂ ವರದಿ ಬೇಕಿತ್ತು. ಇಲ್ಲಿ ಹಾಗೆ ಕೇಳದಂತೆ ವ್ಯಾಪ್ತಿಯನ್ನು ಕೊಯ್ದುಕೊಳ್ಳಿ. ಅರವತ್ತು ವಾಲ್ವುಗಳ ಮಾಹಿತಿಯನ್ನು ಒಮ್ಮೆ ಮಾತ್ರ, ವಿದ್ಯಾರ್ಥಿಯೊಬ್ಬ ವಾಲ್ವ್‌ಮನ್ ಜೊತೆ ಸುತ್ತಿ, ಅವರು ಹೇಳಿದ್ದನ್ನು ತಾನೇ ಬರೆದುಕೊಳ್ಳಲಿ. ಒಂದು ವಾಲ್ವಿಗೆ ಅಳತೆ ಸೇರಿ ಹದಿನೈದು ನಿಮಿಷವೆಂದರೆ ಅರವತ್ತಕ್ಕೆ ಹದಿನೈದು ಗಂಟೆ, ನಾಲ್ಕೈದು ಬೆಳಗ್ಗೆಗಳಲ್ಲಿ ಮುಗಿಯುತ್ತದೆ. ಆಮೇಲೆ ಏನಾದರೂ ಬದಲಾದಾಗ, ಹೊಸ ವಾಲ್ವ್ ಕೂರಿಸಿದಾಗ ಅಥವಾ ಸುತ್ತಿನ ಲೆಕ್ಕ ಬೇರೆಯಾದಾಗ, ವಾಲ್ವ್‌ಮನ್ ಬಾಯಲ್ಲಿ ಹೇಳಿದರೆ ಸಾಕು, ಕಚೇರಿಯಲ್ಲಿ ಜೆ.ಇ. ತಿದ್ದುತ್ತಾರೆ. ತಿದ್ದುವವರ ಹುದ್ದೆಯನ್ನು ಪ್ರಸ್ತಾವದಲ್ಲಿ ಬರೆಯಿರಿ. ‘ಸಂಬಂಧಪಟ್ಟವರು ನವೀಕರಿಸುತ್ತಾರೆ’ ಎಂಬ ವಾಕ್ಯ ಕಂಡರೆ, ಯಾರೂ ನವೀಕರಿಸುವುದಿಲ್ಲ ಎಂದೇ ನಾನು ಓದಿಕೊಳ್ಳುವುದು. ಆರು ತಿಂಗಳಿಗೆ ಪಟ್ಟಿ ಹಳತಾಗುತ್ತದೆ. ಹಳತಾದ ಪಟ್ಟಿ ನಂಬಿ ಹೋದವರು ಪಟ್ಟಿಯೇ ಇಲ್ಲದವರಿಗಿಂತ ಹೆಚ್ಚು ತಪ್ಪು ಮಾಡುತ್ತಾರೆ.

ವಾಲ್ವ್‌ಮನ್‌ಗೆ ಇದರಲ್ಲಿ ಏನು ಸಿಕ್ಕಿತು? ರಜೆಯ ದಿನ ಫೋನು ಬಾರದಿರುವುದು. ಮಗಳ ಮದುವೆ ಮಾತುಕತೆಯ ನಡುವೆ ಎದ್ದು ಹೋಗಿ ‘ಆ ಪಾರ್ಕಿನ ಹತ್ತಿರದ್ದು ಮೂರೇ ಸುತ್ತು’ ಎಂದು ಹೇಳುವುದು ತಪ್ಪುತ್ತದೆ. ಮಾಹಿತಿ ಕೊಡುವವನಿಗೇ ಲಾಭವೂ ಸಲ್ಲುತ್ತದೆ ಎಂದು ತೋರಿಸಬಲ್ಲ ಸಾಲು ಇದೊಂದೇ, ಅದನ್ನು ದಯವಿಟ್ಟು ಬಿಡಬೇಡಿ. ಹಾಗೆಯೇ ಅವನ ಭಯವನ್ನೂ ಕೇಳಿ. ತನ್ನ ತಲೆಯಲ್ಲಿರುವುದೆಲ್ಲ ಪಟ್ಟಿಯಾದರೆ ನಾಳೆ ತನ್ನನ್ನು ಬಿಟ್ಟುಬಿಡುತ್ತಾರೆಯೇ ಎಂದು ಗುತ್ತಿಗೆಯ ಮೇಲೆ ದುಡಿಯುವವನು ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರ ಕೊಡಬೇಕಾದವರು ಅಧಿಕಾರಿಗಳು. ಉತ್ತರ ಲಿಖಿತವಾಗಿ ಸಿಗುವವರೆಗೆ ಅಳತೆ ಶುರುಮಾಡಬೇಡಿ ಎಂದು ನಾನು ಹೇಳುವೆ.

ಹೊರಗೆ ಏನು ಉಳಿಯಿತು ಎಂಬ ಭಾಗಕ್ಕೆ ಒಳಗಿನದಕ್ಕಿಂತ ಹೆಚ್ಚು ಜಾಗ ಕೊಡಿ, ಪ್ರತಿಯೊಂದಕ್ಕೂ ಕಾರಣ ಬರೆಯಿರಿ. ಜನರಿಗೆ ಎಸ್ಸೆಮ್ಮೆಸ್ ಕಳಿಸುವುದು ಹೊರಗೆ, ಏಕೆಂದರೆ ಅದಕ್ಕೆ ಪ್ರತಿ ಸಲದ ವರದಿ ಬೇಕು. ಜಲಾಗಾರದ ಮಟ್ಟವನ್ನು ತಾನಾಗಿ ಅಳೆಯುವುದು ಹೊರಗೆ. ಅದು ಯಂತ್ರದ ಖರ್ಚು, ಬೇರೆ ಪ್ರಸ್ತಾವ. ನೀರಿನ ಬಿಲ್ಲು ಹೊರಗೆ. ಇವುಗಳ ಬಗ್ಗೆ ಜಗಳ ಬರುವುದಿಲ್ಲ. ಜಗಳ ಬರುವುದು ಇನ್ನೊಂದರ ಬಗ್ಗೆ. ಪ್ರಸ್ತಾವ ಓದಿದ ಯಾರಾದರೂ ಹಿರಿಯರು ಖಂಡಿತ ಕೇಳುತ್ತಾರೆ: ‘ಫೋನ್ ಹೇಗೂ ಕೈಯಲ್ಲಿರುತ್ತದಲ್ಲ, ವಾಲ್ವ್‌ಮನ್ ಎಲ್ಲಿದ್ದಾನೆ ಎಂದೂ ತೋರಿಸಿಬಿಡಿ.’ ತಂತ್ರಾಂಶದ ಮಟ್ಟಿಗೆ ಅದು ಒಂದು ದಿನದ ಕೆಲಸ, ಅದಕ್ಕೇ ಇಲ್ಲವೆನ್ನುವುದು ಕಷ್ಟ. ಆದರೆ ಪಟ್ಟಿ ನೋಡಲು ತೆರೆದ ಫೋನೇ ತನ್ನ ಮೇಲೆ ಕಣ್ಣಿಡುತ್ತದೆಂದು ಗೊತ್ತಾದ ದಿನ ಅವನು ಫೋನನ್ನು ಮನೆಯಲ್ಲಿ ಬಿಟ್ಟುಬರುತ್ತಾನೆ, ಕೇಳಿದರೆ ಚಾರ್ಜ್ ಇರಲಿಲ್ಲ ಎನ್ನುತ್ತಾನೆ. ಹಾಜರಿ ನೋಡುವ ಸಾಧನ ಬೇಕಾದರೆ ಅದು ಬೇರೆ ಸಮಸ್ಯೆ, ಬೇರೆ ಪುಟ, ಬೇರೆ ಚರ್ಚೆ. ‘ಸಿಬ್ಬಂದಿ ಎಲ್ಲಿದ್ದಾರೆಂಬ ಮಾಹಿತಿಯನ್ನು ಈ ಸಾಧನ ಸಂಗ್ರಹಿಸುವುದಿಲ್ಲ, ಸಂಗ್ರಹಿಸಿದರೆ ಪಟ್ಟಿಯ ಬಳಕೆಯೇ ನಿಲ್ಲುವ ಅಪಾಯವಿದೆ’ ಎಂದು ಮೊದಲೇ ಬರೆದಿಟ್ಟಿದ್ದರೆ ಆ ಸಭೆಯಲ್ಲಿ ನೀವು ಬರೀ ಬಾಯಿಮಾತಿನಲ್ಲಿ ಹೋರಾಡಬೇಕಾಗುವುದಿಲ್ಲ.

ಇನ್ನೊಂದು ಮಾತು ನಿಮಗೆ ಹಿಡಿಸದಿರಬಹುದು. ಅರವತ್ತು ವಾಲ್ವುಗಳ ಪಟ್ಟಿಯನ್ನು ಅಚ್ಚುಹಾಕಿ, ಪ್ಲಾಸ್ಟಿಕ್ ಹೊದಿಸಿ, ಬದಲಿಯವರ ಕೈಗೆ ಕೊಟ್ಟರೆ ಸಾಲದೇ? ಈ ಪ್ರಶ್ನೆಯನ್ನು ನೀವೇ ಪ್ರಸ್ತಾವದಲ್ಲಿ ಕೇಳಿಕೊಂಡು ಉತ್ತರಿಸಬೇಕು. ಒಂದೇ ಜಲಾಗಾರಕ್ಕಾದರೆ, ನನ್ನ ಎಣಿಕೆಯಲ್ಲಿ, ಸಾಕು. ಹತ್ತು ಜಲಾಗಾರ, ಆರುನೂರು ವಾಲ್ವ್, ತಿಂಗಳಿಗೆ ಹಲವು ಬದಲಾವಣೆ ಎಂದಾದಾಗ ಯಾರ ಕೈಯಲ್ಲಿರುವುದು ಹೊಸ ಪಟ್ಟಿ, ಯಾರದು ಹಳೆಯದು ಎಂಬ ಗೊಂದಲ ಶುರುವಾಗುತ್ತದೆ. ತಂತ್ರಾಂಶಕ್ಕೆ ಅಲ್ಲಿ ಕೆಲಸವಿದೆ. ಹಾಗಿದ್ದಲ್ಲಿ ಮೊದಲ ಮೂರು ತಿಂಗಳು ಒಂದು ಜಲಾಗಾರದಲ್ಲಿ ಕಾಗದದ ಪಟ್ಟಿಯನ್ನೇ ಬಳಸಿ ನೋಡುವುದನ್ನು ವ್ಯಾಪ್ತಿಯ ಮೊದಲ ಹಂತವಾಗಿ ಬರೆಯಿರಿ. ಪಟ್ಟಿಯಲ್ಲಿ ಯಾವ ಕಾಲಂ ಬೇಕು, ಯಾವುದನ್ನು ಯಾರೂ ನೋಡುವುದಿಲ್ಲ ಎಂಬುದು ಒಂದು ಸಾಲು ಕೋಡ್ ಬರೆಯದೆಯೇ ತಿಳಿಯುತ್ತದೆ.

ಗೆದ್ದಿತೋ ಇಲ್ಲವೋ ಎಂದು ತಿಳಿಯುವುದು ಹೇಗೆ ಎಂಬುದೂ ವ್ಯಾಪ್ತಿಯಲ್ಲೇ ಬರಬೇಕು. ಬದಲಿ ದಿನಗಳ ದೂರು 1.5ರಿಂದ 0.5ಕ್ಕೆ ಇಳಿಯಬೇಕೆಂದು ಬರೆಯಬಹುದು. ಆದರೆ ಹದಿನಾಲ್ಕು ದಿನ ತೀರ ಚಿಕ್ಕ ಲೆಕ್ಕ. ಒಂದು ದಿನದ ಗದ್ದಲ ಇಡೀ ಸರಾಸರಿಯನ್ನು ಕೆಡಿಸುತ್ತದೆ. ಆದ್ದರಿಂದ ಇನ್ನೊಂದು ಅಳತೆಯನ್ನೂ ಜೊತೆಗಿಡಿ: ಬದಲಿಯವರು ಸುತ್ತು ಮುಗಿಸುವಷ್ಟರಲ್ಲಿ ರಜೆಯಲ್ಲಿರುವವರಿಗೆ ಎಷ್ಟು ಸಲ ಫೋನ್ ಮಾಡಬೇಕಾಯಿತು? ಇಬ್ಬರನ್ನೂ ಕೇಳಿದರೆ ಸಾಕು, ಉತ್ತರ ಸಿಗುತ್ತದೆ. ಮೂರು ತಿಂಗಳಾದರೂ ಫೋನು ಹಾಗೆಯೇ ಹೋಗುತ್ತಿದ್ದರೆ ಪಟ್ಟಿಯಲ್ಲಿ ಏನೋ ಬಿಟ್ಟುಹೋಗಿದೆ. ಆಗ ಎರಡನೆಯ ಹಂತಕ್ಕೆ ಹಣ ಕೇಳುವುದಿಲ್ಲ ಎಂದೂ ಬರೆದುಬಿಡಿ. ಹಣ ಮಂಜೂರು ಮಾಡುವವರಿಗೆ ನಿಮ್ಮ ಮೇಲೆ ನಂಬಿಕೆ ಹುಟ್ಟಿಸುವ ವಾಕ್ಯ ಇದಕ್ಕಿಂತ ಬೇರೆ ನನಗೆ ಗೊತ್ತಿಲ್ಲ.

ಕರಡು ಮುಗಿದ ಮೇಲೆ ಅದನ್ನು ಮೊದಲು ಅಧಿಕಾರಿಗಳಿಗೆ ಕಳಿಸಬೇಡಿ. ಸಮಸ್ಯೆಯ ಪುಟವನ್ನು ನಾಲ್ವರು ವಾಲ್ವ್‌ಮನ್‌ಗಳ ಮುಂದೆ ಕನ್ನಡದಲ್ಲಿ ಗಟ್ಟಿಯಾಗಿ ಓದಿ. ‘ಹೌದು ಸಾರ್, ಹೀಗೇ ಆಗುವುದು’ ಎಂದರೆ ಮುಂದಿನ ಪುಟಕ್ಕೆ ಹೋಗಿ. ‘ಅದೇನೂ ಇಲ್ಲ ಸಾರ್, ಕಷ್ಟ ಇರೋದು ಬೇರೆ’ ಎಂದರೆ, ಆ ಬೇರೆ ಏನೆಂದು ಕೇಳಿ ಬರೆದುಕೊಂಡು, ದೂರಿನ ವಹಿಯನ್ನು ಮತ್ತೆ ತೆರೆಯಿರಿ.

ಇತಿ ನಿಮ್ಮ,
ಇಂಥ ಪ್ರಸ್ತಾವಗಳನ್ನು ಓದುವ ಒಬ್ಬ ನಿವೃತ್ತ ಎಂಜಿನಿಯರ್
ಮೈಸೂರು